ಹದಿನೈದನೇ ನಿಮಿಷದ ಸಾಲು

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಕಾರ್ಮಿಕನೊಬ್ಬನ ತೋಳು ಯಂತ್ರಕ್ಕೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಜತೆಗಾರರು ಟವೆಲ್ ಬಿಗಿದು ಆಟೊ ಹತ್ತಿಸಿದರು. ಚಿಗಟೇರಿ ಜಿಲ್ಲಾಸ್ಪತ್ರೆಯೋ ಬಾಪೂಜಿ ಆಸ್ಪತ್ರೆಯೋ, ಹತ್ತಿರದ ಯಾವುದೋ ಒಂದಕ್ಕೆ ಸೇರಿಸಿದರು. ಶಸ್ತ್ರಚಿಕಿತ್ಸೆ ಮುಗಿದ ಮರುದಿನ ಹಿಮೋಗ್ಲೋಬಿನ್ 6.4ಕ್ಕೆ ಇಳಿದಿತ್ತು. 'ಒಂದು ಯೂನಿಟ್ ರಕ್ತ ಏರಿಸಬೇಕು' ಎಂದರು ವೈದ್ಯರು. ಬ್ಲಡ್ ಬ್ಯಾಂಕಿನಿಂದ ಚೀಲ ಬರುವ ಹೊತ್ತಿಗೆ ಕೇಸ್ ಶೀಟಿಗೆ ಹೊಸ ಹಾಳೆಯೊಂದು ಸೇರುತ್ತದೆ. ಮೇಲ್ಭಾಗದಲ್ಲಿ ಹೆಸರು, ಐಪಿ ನಂಬರ್, ರಕ್ತದ ಗುಂಪು, ಚೀಲದ ಸಂಖ್ಯೆ. ಅದರ ಕೆಳಗೆ ಗೆರೆ ಎಳೆದ ಸಾಲುಗಳು: ಸಮಯ, ಜ್ವರ, ನಾಡಿ, ಬಿಪಿ, ಉಸಿರು, ಆಮ್ಲಜನಕದ ಪ್ರಮಾಣ. ಕೊನೆಯಲ್ಲಿ ರಿಯಾಕ್ಷನ್ ಏನಾದರೂ ಕಂಡಿತೇ ಎಂದು ಬರೆಯಲು ಜಾಗ. ಈ ಹಾಳೆಯನ್ನು ಯಾರೋ ಒಬ್ಬರು ಕುಳಿತು ರೂಪಿಸಿದ್ದಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ, ಬೇರೆ ಬೇರೆ ಊರುಗಳಲ್ಲಿ ಒಂದೊಂದು ಕಾಲಂ ಒಂದೊಂದು ಕಾರಣಕ್ಕೆ ಹುಟ್ಟಿ ಕೊನೆಗೆ ಇಲ್ಲಿ ಕೂಡಿಕೊಂಡಿದೆ.

ಚೀಲದ ಸಂಖ್ಯೆಯಿಂದಲೇ ಶುರುಮಾಡೋಣ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಅದರ ಅಗತ್ಯವೇ ಇರಲಿಲ್ಲ. ಆಗ ದಾನಿ ಪಕ್ಕದ ಮಂಚದಲ್ಲೇ ಮಲಗಿರುತ್ತಿದ್ದ. ಅಮೆರಿಕದ ಜಾರ್ಜ್ ಕ್ರೈಲ್‌ನಂಥ ಶಸ್ತ್ರವೈದ್ಯರು ದಾನಿಯ ರಕ್ತನಾಳವನ್ನು ನೇರವಾಗಿ ರೋಗಿಯ ರಕ್ತನಾಳಕ್ಕೆ ಜೋಡಿಸುತ್ತಿದ್ದರು. ಯಾರ ರಕ್ತ ಯಾರಿಗೆ ಹೋಗುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತಿತ್ತು. 1914–15ರಲ್ಲಿ ಸಿಟ್ರೇಟ್ ಬೆರೆಸಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ ಎಂಬುದು ಪ್ರಯೋಗದಿಂದ ದೃಢವಾದಾಗ ದಾನಿ ಮತ್ತು ರೋಗಿಯ ನಡುವೆ ಬಾಟಲಿ ಬಂತು. 1937ರಲ್ಲಿ ಷಿಕಾಗೊದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಬರ್ನಾರ್ಡ್ ಫ್ಯಾಂಟಸ್ ರಕ್ತವನ್ನು ಕೂಡಿಡುವ ಕೇಂದ್ರ ತೆರೆದು ಅದನ್ನು 'ಬ್ಲಡ್ ಬ್ಯಾಂಕ್' ಎಂದು ಕರೆದ ಮೇಲೆ ದಾನಿ ಮನೆಗೆ ಹೋದ, ಬಾಟಲಿ ಫ್ರಿಜ್ಜಿಗೆ ಹೋಯಿತು. ಅಲ್ಲಿಂದ ಮುಂದೆ ಅವರಿಬ್ಬರನ್ನು ಸೇರಿಸುವ ಏಕೈಕ ಎಳೆ ಆ ಸಂಖ್ಯೆ.

ಈ ಎಳೆ ಎಷ್ಟು ದೂರ ಚಾಚುತ್ತದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಒಬ್ಬ ದಾನಿ ಕೊಟ್ಟ ರಕ್ತವನ್ನು ಇಂದು ಕೆಂಪುಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರ್ಪಡಿಸುತ್ತಾರೆ. ಮೂರಕ್ಕೂ ದಾನದ ಸಂಖ್ಯೆ ಒಂದೇ. ಹಾಗಾಗಿ ಹಾಳೆಯಲ್ಲಿ ಸಂಖ್ಯೆಯ ಪಕ್ಕದಲ್ಲಿ ಅದು ಯಾವ ಘಟಕ ಎಂದೂ ಬರೆಯಬೇಕು. ಕರೂರಿನ ಕಾರ್ಮಿಕನಿಗೆ ಕೊಟ್ಟ ಕೆಂಪುಕಣದಲ್ಲಿ ಬ್ಯಾಕ್ಟೀರಿಯಾ ಇತ್ತೆಂಬ ಅನುಮಾನ ಬಂದರೆ ಅದೇ ಸಂಖ್ಯೆಯ ಪ್ಲೇಟ್‌ಲೆಟ್ ಚೀಲ ಅದೇ ಹೊತ್ತಿಗೆ ಬೇರೊಂದು ವಾರ್ಡಿನಲ್ಲಿ ಡೆಂಗಿ ರೋಗಿಯೊಬ್ಬನಿಗೆ ಏರುತ್ತಿರಬಹುದು. ಅದನ್ನು ನಿಲ್ಲಿಸಲು ಇರುವ ದಾರಿ ಈ ಒಂದು ಸಂಖ್ಯೆ ಮಾತ್ರ. ಅಂಕಿಯೊಂದು ಅಸ್ಪಷ್ಟವಾಗಿದ್ದರೆ ಆ ದಾರಿ ಅಲ್ಲಿಗೇ ಕಡಿಯುತ್ತದೆ.

ನಾಡಿ, ಉಸಿರುಗಳನ್ನು ಸಮಯದ ಎದುರು ಬರೆಯುವ ಪದ್ಧತಿ ರಕ್ತದಿಂದ ಬಂದದ್ದಲ್ಲ, ಅರಿವಳಿಕೆಯಿಂದ ಬಂದದ್ದು. 1894ರ ಸುಮಾರಿಗೆ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಹಾರ್ವೆ ಕುಶಿಂಗ್ ಮತ್ತು ಅರ್ನೆಸ್ಟ್ ಕಾಡ್‌ಮನ್ ಎಂಬ ಇಬ್ಬರು ಯುವಕರು ಈಥರ್ ಕೊಡುತ್ತಲೇ ನಾಡಿ, ಉಸಿರನ್ನು ಆಗಾಗ ಗೀಟು ಹಾಳೆಯಲ್ಲಿ ಗುರುತಿಸತೊಡಗಿದರು. ವಿದ್ಯಾರ್ಥಿಯಾಗಿದ್ದಾಗ ಕುಶಿಂಗ್ ಈಥರ್ ಕೊಟ್ಟ ರೋಗಿಯೊಬ್ಬ ಮೇಜಿನ ಮೇಲೆಯೇ ತೀರಿಕೊಂಡಿದ್ದ. 1901ರಲ್ಲಿ ಇಟಲಿಯ ಪಾವಿಯಾದಲ್ಲಿ ರೀವಾ-ರೊಚ್ಚಿಯ ಬಿಪಿ ಪಟ್ಟಿಯನ್ನು ನೋಡಿದ ಕುಶಿಂಗ್ ಅದನ್ನು ಅಮೆರಿಕಕ್ಕೆ ತಂದ. ಹಾಳೆಗೆ ಇನ್ನೊಂದು ಕಾಲಂ ಸೇರಿತು. ಜ್ವರದ ಗೆರೆಯನ್ನು ಅದಕ್ಕೂ ಮೊದಲೇ, 1868ರಲ್ಲಿ, ಲೈಪ್‌ಜಿಗ್‌ನ ಕಾರ್ಲ್ ವುಂಡರ್ಲಿಶ್ ತನ್ನ ದೊಡ್ಡ ಗ್ರಂಥದಲ್ಲಿ ವೈದ್ಯಲೋಕಕ್ಕೆ ಕಲಿಸಿದ್ದ. ದೇಹದ ಸ್ಥಿತಿಯನ್ನು ಒಂದು ಅಂಕಿ ಹೇಳುವುದಿಲ್ಲ, ಅಂಕಿ ಯಾವ ಕಡೆಗೆ ಸರಿಯುತ್ತಿದೆ ಎಂಬುದು ಹೇಳುತ್ತದೆ ಎಂಬ ತಿಳಿವು ಇವರಿಂದ ಬಂತು.

ರಕ್ತದ ಹಾಳೆಯಲ್ಲಿ ಆ ಸರಿದಾಟ ಕಾಣಬೇಕಾದರೆ ಮೊದಲ ಸಾಲು ಗಟ್ಟಿಯಾಗಿರಬೇಕು. ಚೀಲ ಚುಚ್ಚುವ ಮುಂಚಿನ ಅಳತೆ ಅದು. ಎರಡನೆಯ ಸಾಲು ಹದಿನೈದನೇ ನಿಮಿಷದ್ದು. ಅದಕ್ಕೆ ಕಾರಣವಿದೆ. ಗುಂಪು ಹೊಂದದ ರಕ್ತ ಮೈಗೆ ಹೋದರೆ ರೋಗಿಯ ಪ್ರತಿಕಾಯಗಳು ಬಂದ ಕೆಂಪುಕಣಗಳನ್ನು ಅಲ್ಲೇ ಒಡೆಯತೊಡಗುತ್ತವೆ. ಇದಕ್ಕೆ ಹತ್ತಿಪ್ಪತ್ತು ಮಿಲಿಲೀಟರ್ ಸಾಕು. ಆದ್ದರಿಂದ ಮೊದಲ ಹದಿನೈದು ನಿಮಿಷ ಹನಿಯನ್ನು ನಿಧಾನಕ್ಕೆ ಬಿಟ್ಟು ಸಿಸ್ಟರ್ ಮಂಚದ ಬಳಿಯೇ ಇರಬೇಕು ಎಂಬ ನಿಯಮ ಬಂತು. ಏನಾದರೂ ಆಗುವುದಿದ್ದರೆ ಕಡಿಮೆ ರಕ್ತ ಹೋಗಿರುವಾಗಲೇ ಆಗಲಿ ಎಂಬುದು ಅದರ ಉದ್ದೇಶ. ಆ ಹೊತ್ತಿನಲ್ಲಿ ರೋಗಿ 'ಯಾಕೋ ಒಂಥರಾ ಆಗ್ತೈತಿ ಸಿಸ್ಟರ್' ಎಂದರೆ ಅದನ್ನು ಹೆದರಿಕೆ ಎಂದು ತಳ್ಳಿಹಾಕುವಂತಿಲ್ಲ. ಕಾರಣವಿಲ್ಲದ ಆ ದಿಗಿಲು, ಸೊಂಟದ ಹಿಂಭಾಗದ ನೋವು, ಸೂಜಿ ಚುಚ್ಚಿದಲ್ಲಿ ಉರಿ ಎಲ್ಲವೂ ಗುಂಪು ತಪ್ಪಿದ ರಕ್ತದ ಮೊದಲ ಲಕ್ಷಣಗಳಾಗಿ ವೈದ್ಯಪುಸ್ತಕದಲ್ಲೇ ಇವೆ. ರಿಯಾಕ್ಷನ್ ಕಾಲಂನಲ್ಲಿ ರೋಗಿಯ ಮಾತನ್ನು ಅವನು ಹೇಳಿದಂತೆಯೇ ಬರೆದಿಡುವುದು ಒಳ್ಳೆಯದೆಂದು ನಾನು ನಂಬುತ್ತೇನೆ.

ಈಗ ನಮ್ಮ ಕಾರ್ಮಿಕನ ಹಾಳೆಯನ್ನೇ ಓದೋಣ. ಅವನ ಗುಂಪು ಬಿ ಪಾಸಿಟಿವ್. ಚೀಲದ ಲೇಬಲ್ ನಸುಗೆಂಪು, ನಮ್ಮ ದೇಶದ ನಿಯಮದಂತೆ ಬಿ ಗುಂಪಿನ ಬಣ್ಣ ಅದು. ಸಂಖ್ಯೆ 4172 ಎಂದುಕೊಳ್ಳಿ. ಬ್ಲಡ್ ಬ್ಯಾಂಕಿನಿಂದ ಹೊರಟದ್ದು 10.05ಕ್ಕೆ, ಏರಿಸತೊಡಗಿದ್ದು 10.20ಕ್ಕೆ. ಹೊರಟ ಅರ್ಧ ಗಂಟೆಯೊಳಗೆ ಶುರುವಾಗಬೇಕು, ಶುರುವಾದ ನಾಲ್ಕು ಗಂಟೆಯೊಳಗೆ ಮುಗಿಯಬೇಕು. ತಂಪಿನಿಂದ ಹೊರಬಂದ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಹೊತ್ತು ಕೊಡಬಾರದು. ಶುರುಮಾಡುವ ಮುಂಚೆ ಇಬ್ಬರು ಮಂಚದ ಬಳಿಯೇ ನಿಂತು ರೋಗಿಯ ಬಾಯಿಂದಲೇ ಹೆಸರು ಹೇಳಿಸಿ, ಕೈಪಟ್ಟಿ, ಚೀಲ, ಕ್ರಾಸ್ ಮ್ಯಾಚ್ ಚೀಟಿ ಮೂರನ್ನೂ ತಾಳೆ ನೋಡಿ ಸಹಿ ಹಾಕಿದರು.

ಆರಂಭದ ಸಾಲು: ಜ್ವರ 98.4 ಡಿಗ್ರಿ ಫ್ಯಾರನ್‌ಹೀಟ್, ನಾಡಿ 92, ಬಿಪಿ 110/70, ಆಮ್ಲಜನಕ 98. ಹದಿನೈದನೇ ನಿಮಿಷಕ್ಕೆ ಜ್ವರ 98.6, ನಾಡಿ 94, ಉಳಿದದ್ದು ಹಾಗೇ. ಹನಿಯ ವೇಗ ಹೆಚ್ಚಿಸಿದರು. 11.05ಕ್ಕೆ ಜ್ವರ 99.4, ನಾಡಿ 104. ಒಂದೇ ಸಾಲನ್ನು ನೋಡಿದರೆ ಇದು ಗಾಬರಿಪಡುವ ಅಂಕಿಯಲ್ಲ, ಶಸ್ತ್ರಚಿಕಿತ್ಸೆಯಾದ ರೋಗಿಗೆ ಇಷ್ಟು ಇರುತ್ತದೆ ಎಂದು ಬಿಡಬಹುದು. ಆದರೆ ಮೊದಲ ಸಾಲಿನ ಪಕ್ಕದಲ್ಲಿಟ್ಟರೆ ಜ್ವರ ಒಂದು ಡಿಗ್ರಿ ಏರಿದೆ, ನಾಡಿ ಹನ್ನೆರಡು ಹೆಚ್ಚಿದೆ. 11.35ಕ್ಕೆ ಮೈ ನಡುಕ ಬಂತು, ಜ್ವರ 100.8, ನಾಡಿ 118, ಬಿಪಿ 112/70. ಆರಂಭಕ್ಕಿಂತ 2.4 ಡಿಗ್ರಿ ಏರಿಕೆ. ಸೆಂಟಿಗ್ರೇಡಿನಲ್ಲಿ ಒಂದು ಡಿಗ್ರಿ, ಅಂದರೆ ಫ್ಯಾರನ್‌ಹೀಟಿನಲ್ಲಿ 1.8 ಏರಿ, ಜ್ವರ 100.4 ತಲುಪಿದರೆ ಅದನ್ನು ರಿಯಾಕ್ಷನ್ ಎಂದು ಗಣಿಸಬೇಕು. ಸಿಸ್ಟರ್ ರಕ್ತ ನಿಲ್ಲಿಸಿದರು. ಸೂಜಿಯನ್ನು ತೆಗೆಯಲಿಲ್ಲ, ಹೊಸ ಸೆಟ್ಟಿನಲ್ಲಿ ಬರೀ ನಾರ್ಮಲ್ ಸಲೈನ್ ಹಾಕಿ ನರವನ್ನು ತೆರೆದಿಟ್ಟರು. ನಿಲ್ಲಿಸಿದ ಸಮಯ, ಹೋದ ರಕ್ತದ ಪ್ರಮಾಣ ಎರಡನ್ನೂ ಬರೆದು ಡ್ಯೂಟಿ ಡಾಕ್ಟರನ್ನು ಕರೆದರು. ಹೆಸರು, ಸಂಖ್ಯೆಗಳನ್ನು ಮತ್ತೊಮ್ಮೆ ತಾಳೆ ನೋಡಿದರು. ಉಳಿದ ಚೀಲ ಸೆಟ್ಟಿನ ಸಮೇತ, ರೋಗಿಯ ಹೊಸ ರಕ್ತದ ಮಾದರಿ ಮತ್ತು ಮೂತ್ರ ಬ್ಲಡ್ ಬ್ಯಾಂಕಿಗೆ ಹೋದವು.

ಆ ಕ್ಷಣಕ್ಕೆ ಇದು ಸಾಮಾನ್ಯ ಜ್ವರದ ರಿಯಾಕ್ಷನ್ನೋ ಕಣ ಒಡೆಯುವ ಅಪಾಯವೋ ಎಂದು ಯಾರೂ ಹೇಳಲಾರರು. ಎರಡೂ ಚಳಿಜ್ವರದಿಂದ ಶುರುವಾಗಬಹುದು. ಪ್ರಯೋಗಾಲಯದಲ್ಲಿ ಗುಂಪು ಸರಿಹೊಂದಿತು, ಪ್ಲಾಸ್ಮಾ ಕೆಂಪಾಗಿರಲಿಲ್ಲ, ಕೂಂಬ್ಸ್ ಪರೀಕ್ಷೆ ನೆಗೆಟಿವ್, ಮೂತ್ರದ ಬಣ್ಣ ಸರಿಯಿತ್ತು. ಆಮೇಲೆ ಬಂದ ಕಲ್ಚರಿನಲ್ಲೂ ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ಆಗ ಮಾತ್ರ ಇದು ಕಣ ಒಡೆಯದ ಜ್ವರ ಎಂದು ತೀರ್ಮಾನವಾಯಿತು.

ಯಾವ ಕಾಲಂ ಮೊದಲು ಅಲುಗಿತು ಎಂಬುದರಲ್ಲಿ ರೋಗದ ಸುಳಿವಿರುತ್ತದೆ. ಆಮ್ಲಜನಕ ಇಳಿದು ಬಿಪಿಯೂ ಇಳಿದರೆ ದಾನಿಯ ಪ್ರತಿಕಾಯಗಳಿಂದ ಶ್ವಾಸಕೋಶಕ್ಕೆ ಪೆಟ್ಟು ಬಿದ್ದಿರಬಹುದು. ಆಮ್ಲಜನಕ ಇಳಿದು ಬಿಪಿ ಏರಿದರೆ ಹೃದಯ ತಾಳಲಾರದಷ್ಟು ದ್ರವ ಹೋಗಿರಬಹುದು. ವಯಸ್ಸಾದವರಲ್ಲಿ, ಕಿಡ್ನಿ ಕಾಯಿಲೆಯವರಲ್ಲಿ ಇದನ್ನು ಹೆಚ್ಚಾಗಿ ಕಾಣುತ್ತೇವೆ. ಅಂಕಿಗಳೆಲ್ಲ ನೆಟ್ಟಗಿದ್ದು ಮೈಮೇಲೆ ನವೆ, ದದ್ದು ಮಾತ್ರ ಇದ್ದರೆ ಅಲರ್ಜಿ. ಅರಿವಳಿಕೆಯಲ್ಲಿರುವ ರೋಗಿ ಬಾಯಿಬಿಟ್ಟು ಏನನ್ನೂ ಹೇಳಲಾರ. ಅಲ್ಲಿ ಬಿಪಿ ಬೀಳುವುದು, ಗಾಯದಿಂದ ರಕ್ತ ಜಿನುಗುವುದು, ಮೂತ್ರದ ಚೀಲ ಕೆಂಪಾಗುವುದು ಇಷ್ಟೇ ಗುರುತು.

ಒಂದು ಚೀಲಕ್ಕೆ ಒಂದೇ ಹಾಳೆ ಎಂಬ ಪದ್ಧತಿಯ ಬೆಲೆ ಇಲ್ಲಿ ತಿಳಿಯುತ್ತದೆ. ಮೂರು ಯೂನಿಟ್‌ಗಳ ಅಳತೆ ಒಂದೇ ಪಟ್ಟಿಯಲ್ಲಿ ಹರಿದುಹೋದರೆ ನಡುಕ ಬಂದಾಗ ಎರಡನೆಯದರ ಕೊನೆಯೋ ಮೂರನೆಯದರ ಮೊದಲೋ ತಿಳಿಯುವುದಿಲ್ಲ. ಪ್ರತಿ ಚೀಲಕ್ಕೂ ಹೊಸದಾಗಿ ಆರಂಭದ ಅಳತೆ ಬೇಕು.

ಗುಂಪು ತಪ್ಪುವುದು ಹೆಚ್ಚಾಗಿ ಎಲ್ಲಿ? ನ್ಯೂಯಾರ್ಕ್ ರಾಜ್ಯ ಹತ್ತು ವರ್ಷಗಳ ವರದಿಗಳನ್ನು ಕೂಡಿಸಿ 2000ದಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಸುಮಾರು 19,000 ಕೆಂಪುಕಣ ಯೂನಿಟ್‌ಗಳಿಗೆ ಒಂದು ತಪ್ಪು ರೋಗಿಗೆ ಅಥವಾ ತಪ್ಪು ಗುಂಪಾಗಿ ಹೋಗಿತ್ತು. ಅಂಥ ತಪ್ಪುಗಳಲ್ಲಿ ಅರ್ಧದಷ್ಟು ಬ್ಲಡ್ ಬ್ಯಾಂಕಿನ ಹೊರಗೆ ನಡೆದವು; ಅವುಗಳಲ್ಲಿ ಮುಖ್ಯವಾದದ್ದು ಮಂಚದ ಬಳಿ ರೋಗಿಯನ್ನು ಸರಿಯಾಗಿ ಗುರುತಿಸದಿರುವುದು. ಹಾಳೆಯ ಮೇಲ್ಭಾಗದ ಎರಡು ಸಹಿಗಳು ಕಾವಲಿರುವುದು ಅಲ್ಲಿಯೇ.

ನಮ್ಮ ದೇಶದಲ್ಲಿ ಈ ಹಾಳೆಗೆ ಹೋಗಿ ಸೇರಲು ಒಂದು ತಾಣ ಸಿಕ್ಕಿದ್ದು ತಡವಾಗಿ. 'ಕಾಮನ್ ಕಾಸ್' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಜನವರಿಯಲ್ಲಿ ಕೊಟ್ಟ ತೀರ್ಪಿನ ಬಳಿಕ ರಾಷ್ಟ್ರೀಯ ರಕ್ತ ಮಂಡಳಿ ರೂಪುಗೊಂಡಿತು. 1998ರ ಜನವರಿ 1ರಿಂದ ಹಣಕ್ಕೆ ರಕ್ತ ಮಾರುವುದು ನಿಷೇಧವಾಯಿತು. ಏರಿಸಿದ ರಕ್ತದಿಂದ ಆದ ತೊಂದರೆಗಳನ್ನು ದೇಶದ ಮಟ್ಟದಲ್ಲಿ ಒಟ್ಟುಗೂಡಿಸುವ ಹಿಮೋವಿಜಿಲೆನ್ಸ್ ಕಾರ್ಯಕ್ರಮ 2012ರ ಡಿಸೆಂಬರ್ 10ರಂದು ಆರಂಭವಾಯಿತು. ನೋಯ್ಡಾದ ರಾಷ್ಟ್ರೀಯ ಜೈವಿಕ ಸಂಸ್ಥೆ ಅದರ ಕೇಂದ್ರ. ಅಲ್ಲಿಗೆ ಹೋಗುವ ವರದಿಯ ನಮೂನೆ ವಾರ್ಡಿನ ಹಾಳೆ ಕೇಳುವುದನ್ನೇ ಕೇಳುತ್ತದೆ: ಸಂಖ್ಯೆ, ಘಟಕ, ಸಮಯ, ಮುಂಚಿನ ಮತ್ತು ನಂತರದ ಅಳತೆ. ವಾರ್ಡಿನಲ್ಲಿ ಬರೆಯದಿದ್ದದ್ದು ಅಲ್ಲಿಗೂ ತಲುಪುವುದಿಲ್ಲ.

ಬರೆದದ್ದೂ ಕೆಲವೊಮ್ಮೆ ನಿಜವಲ್ಲ. ಪ್ರತಿ ಸಾಲಲ್ಲೂ 98.6, 80, 120/80 ಇದ್ದರೆ, ಸಮಯಗಳೆಲ್ಲ ಹದಿನೈದರ ಗುಣಕಗಳಾಗಿ ನಿಂತಿದ್ದರೆ, ಅದು ಕೊನೆಯಲ್ಲಿ ಒಟ್ಟಿಗೆ ತುಂಬಿದ ಹಾಳೆ ಎಂದು ಹಳಬರು ಗುರುತಿಸುತ್ತಾರೆ. ಜೀವಂತ ದೇಹದ ಅಂಕಿ ಅಷ್ಟು ಸಮವಾಗಿರುವುದಿಲ್ಲ. ಆದರೆ ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್ ಹಲವು ರೋಗಿಗಳನ್ನು ನೋಡಿಕೊಳ್ಳುವಾಗ ಮೊದಲ ಹದಿನೈದು ನಿಮಿಷ ಒಂದೇ ಮಂಚದ ಬಳಿ ನಿಲ್ಲುವುದು ಹೇಗೆ? ತುರ್ತಿಲ್ಲದ ರಕ್ತವನ್ನು ಹಗಲಿನಲ್ಲೇ ಏರಿಸುವುದು ಇದಕ್ಕೆ ಇರುವ ಸರಳ ಪರಿಹಾರ. ಎಲ್ಲ ಆಸ್ಪತ್ರೆಗಳೂ ಇದನ್ನು ಪಾಲಿಸಬೇಕೆಂಬುದು ನನ್ನ ಒತ್ತಾಯ.

ಹಾಳೆ ಹಿಡಿಯಲಾರದ್ದೂ ಇದೆ. ಹಿಂದೆ ರಕ್ತ ಪಡೆದವರಲ್ಲಿ, ಹೆರಿಗೆಯಾದವರಲ್ಲಿ ಅಪರೂಪದ ಪ್ರತಿಕಾಯಗಳು ಮಲಗಿರುತ್ತವೆ. ಕ್ರಾಸ್ ಮ್ಯಾಚ್‌ಗೆ ಸಿಗದಷ್ಟು ಕಡಿಮೆ. ಹೊಸ ರಕ್ತ ಬಂದ ಮೂರರಿಂದ ಹದಿನಾಲ್ಕು ದಿನಗಳಲ್ಲಿ ಅವು ಎದ್ದು ಕಣಗಳನ್ನು ಮೆಲ್ಲಗೆ ಒಡೆಯುತ್ತವೆ. ಆ ಹೊತ್ತಿಗೆ ಕಾರ್ಮಿಕ ಮನೆಯಲ್ಲಿರುತ್ತಾನೆ. ಕಣ್ಣು ಹಳದಿಯಾಗುತ್ತದೆ, ಸುಸ್ತು, ಸಣ್ಣ ಜ್ವರ. ಕಾಮಾಲೆ ಎಂದು ಬೇರು-ಸೊಪ್ಪಿನ ಔಷಧಿಗೆ ಹೋಗುವವರೇ ಹೆಚ್ಚು. ಡಿಸ್ಚಾರ್ಜ್ ಸಾರಾಂಶದಲ್ಲಿ ರಕ್ತ ಏರಿಸಿದ ದಿನಾಂಕ ಮತ್ತು ಸಂಖ್ಯೆ 4172 ಇದ್ದರೆ ವೈದ್ಯರು ಪ್ರತಿಕಾಯದ ಪರೀಕ್ಷೆ ಮಾಡಿಸಬಲ್ಲರು. ಪ್ರತಿಕಾಯ ಸಿಕ್ಕರೆ ಅದರ ಹೆಸರಿರುವ ಕಾರ್ಡ್ ಅವನ ಕೈಗೆ ಹೋಗಬೇಕು. ಕೆಲವು ತಿಂಗಳಲ್ಲಿ ಆ ಪ್ರತಿಕಾಯ ಮತ್ತೆ ಪರೀಕ್ಷೆಗೆ ಸಿಗದಷ್ಟು ಇಳಿಯಬಹುದು. ಆದ್ದರಿಂದ ಮುಂದೆ ಯಾವ ಊರಿನಲ್ಲಿ ರಕ್ತ ಬೇಕಾದರೂ ಆ ಕಾರ್ಡನ್ನು ಮೊದಲು ಬ್ಲಡ್ ಬ್ಯಾಂಕಿಗೆ ತೋರಿಸಬೇಕು.