ಹೋಟೆಲ್ ನೌಕರರ ಟಿಪ್ಸ್ ಮತ್ತು ಸೇವಾ ಶುಲ್ಕ: ಹಂಚಿಕೆಯ ಕ್ರಮ ಹಾಗೂ ವೇತನದೊಂದಿಗಿನ ಸಂಬಂಧ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಹೋಟೆಲ್, ರೆಸ್ಟೋರೆಂಟ್ ಹಾಗೂ ವಸತಿಗೃಹಗಳಲ್ಲಿ ದುಡಿಯುವ ನೌಕರರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಬಾಕಿ ವೇತನ ಕೋರಿ ಅರ್ಜಿ ಸಲ್ಲಿಸುವವರು ಇದನ್ನು ಮೊದಲು ಓದಿಕೊಳ್ಳುವುದು ಸೂಕ್ತ.

ಟಿಪ್ಸ್ ವೇತನವೇ?

ಅಲ್ಲ. ವೇತನವು ಮಾಲೀಕರು ತಮ್ಮ ಹಣದಿಂದ ಕೊಡಬೇಕಾದ ಪ್ರತಿಫಲ. ಟಿಪ್ಸ್ ಎಂಬುದು ಗ್ರಾಹಕರು ಸ್ವಇಚ್ಛೆಯಿಂದ ಕೊಡುವ ಭಕ್ಷೀಸು. ಜೈಪುರದ ರಾಮ್‌ಬಾಗ್ ಪ್ಯಾಲೇಸ್ ಹೋಟೆಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1976ರಲ್ಲಿ ಈ ಭೇದವನ್ನು ಎತ್ತಿ ಹಿಡಿದಿದೆ. ಗ್ರಾಹಕರು ಕಾರ್ಡ್ ಮೂಲಕ ಕೊಟ್ಟ ಟಿಪ್ಸ್ ಮಾಲೀಕರ ಖಾತೆಗೆ ಜಮೆಯಾಗಿ ನಂತರ ನೌಕರರಿಗೆ ಸಂದಾಯವಾದರೂ ಅದು ಸಂಬಳವಾಗುವುದಿಲ್ಲವೆಂದು ಅದೇ ನ್ಯಾಯಾಲಯವು 2016ರ ಐಟಿಸಿ ಪ್ರಕರಣದಲ್ಲಿ ಆದಾಯ ತೆರಿಗೆಯ ಸಂಬಂಧವಾಗಿ ತೀರ್ಪು ನೀಡಿದೆ.

ಟಿಪ್ಸ್ ಒಂದೇ ಪ್ರಮಾಣದಲ್ಲಿ ಬರುವ ಹಣವೂ ಅಲ್ಲ. ರಂಗನತಿಟ್ಟಿಗೆ ಪ್ರವಾಸಿಗರು ಬರುವ ತಿಂಗಳುಗಳಲ್ಲಿ ಅಥವಾ ಮೇಲುಕೋಟೆಯ ವೈರಮುಡಿ ಉತ್ಸವದ ದಿನಗಳಲ್ಲಿ ಅದು ಹೆಚ್ಚಬಹುದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ವಾಹನಗಳು ಶ್ರೀರಂಗಪಟ್ಟಣ ಪೇಟೆಯೊಳಗೆ ಬರದೆ ಬೈಪಾಸ್‌ನಲ್ಲಿ ಸಾಗುತ್ತವೆ. ಹಳೆಯ ರಸ್ತೆಯ ಹೋಟೆಲಿಗೆ ಗ್ರಾಹಕರು ಕಡಿಮೆಯಾದರೆ ಟಿಪ್ಸೂ ಕಡಿಮೆಯಾಗುತ್ತದೆ. ಆದರೆ ಕನಿಷ್ಠ ವೇತನ ಕಡಿಮೆಯಾಗುವಂತಿಲ್ಲ.

ಹಂಚಿಕೆಯ ಕ್ರಮ

ಟಿಪ್ಸನ್ನು ಇಂತಿಷ್ಟೇ ಪ್ರಮಾಣದಲ್ಲಿ ಹಂಚಬೇಕೆಂದು ವಿಧಿಸುವ ಪ್ರತ್ಯೇಕ ಕಾನೂನು ಇರುವುದಿಲ್ಲ. ಆದ್ದರಿಂದ ಯಾರಿಗೆ ಎಷ್ಟು ಪಾಲು ಎಂಬುದನ್ನು ನೌಕರರು ಮತ್ತು ಮಾಲೀಕರು ಮೊದಲೇ ಬರವಣಿಗೆಯಲ್ಲಿ ಒಪ್ಪಿಕೊಳ್ಳುವುದು ಕ್ಷೇಮ. ಸಾಮಾನ್ಯವಾಗಿ ಪಾಯಿಂಟ್ ಪದ್ಧತಿಯನ್ನು ಅನುಸರಿಸಬಹುದು.

ಉದಾಹರಣೆಗೆ, ಒಂದು ಹೋಟೆಲಿನಲ್ಲಿ 4 ಸಪ್ಲೈಯರ್, 3 ಅಡುಗೆಯವರು ಮತ್ತು 2 ಕ್ಲೀನರ್ ಇದ್ದಾರೆಂದು ಭಾವಿಸಿ. ಒಬ್ಬ ಸಪ್ಲೈಯರ್‌ಗೆ 3, ಅಡುಗೆಯವರಿಗೆ 2, ಕ್ಲೀನರ್‌ಗೆ 1 ಪಾಯಿಂಟ್ ಎಂದಾದರೆ ಒಟ್ಟು 20 ಪಾಯಿಂಟ್. ತಿಂಗಳಲ್ಲಿ ಡಬ್ಬಿಯ ನಗದು ಹಾಗೂ ಯುಪಿಐ ಮೂಲಕ ಬಂದ ಟಿಪ್ಸ್ ಸೇರಿ ರೂ. 18,000 ಆದರೆ ಪ್ರತಿ ಪಾಯಿಂಟಿಗೆ ರೂ. 900. ಅದರಂತೆ ಸಪ್ಲೈಯರ್‌ಗೆ ರೂ. 2,700, ಅಡುಗೆಯವರಿಗೆ ರೂ. 1,800, ಕ್ಲೀನರ್‌ಗೆ ರೂ. 900 ದೊರೆಯುತ್ತದೆ.

ತಪ್ಪು ನಡೆಯುವುದು ಎಲ್ಲಿ?

ಇದೇ ಸಪ್ಲೈಯರ್‌ಗೆ ಸಲ್ಲಬೇಕಾದ ಕನಿಷ್ಠ ವೇತನ, ಲೆಕ್ಕದ ಅನುಕೂಲಕ್ಕಾಗಿ, ರೂ. 13,000 ಎಂದಿಟ್ಟುಕೊಳ್ಳಿ. (ನೈಜ ದರವು ಸರ್ಕಾರದ ಅಧಿಸೂಚನೆಯಂತೆ ಇರುತ್ತದೆ.) ಮಾಲೀಕರು ತಮ್ಮಿಂದ ರೂ. 10,300 ಮಾತ್ರ ಕೊಟ್ಟು, ಟಿಪ್ಸಿನ ರೂ. 2,700 ಸೇರಿಸಿ “13,000 ಆಯಿತು” ಎಂದು ಸಹಿ ಪಡೆದರೆ, ಆ ನೌಕರರಿಗೆ ತಿಂಗಳಿಗೆ ರೂ. 2,700 ವೇತನ ಬಾಕಿ ಉಳಿಯಿತು. ವರ್ಷಕ್ಕೆ ಅದು ರೂ. 32,400 ಆಗುತ್ತದೆ. ವಾಸ್ತವವಾಗಿ ಅವರ ಕೈಸೇರಬೇಕಾದ್ದು ವೇತನ ಮತ್ತು ಟಿಪ್ಸ್ ಸೇರಿ ತಿಂಗಳಿಗೆ ರೂ. 15,700.

ಇದನ್ನು ಪತ್ತೆಹಚ್ಚಲು ವೇತನ ಚೀಟಿಯನ್ನು ಪರಿಶೀಲಿಸತಕ್ಕದ್ದು. ಮೂಲ ವೇತನ ಹಾಗೂ ತುಟ್ಟಿಭತ್ಯೆಯ ಮೊತ್ತವೇ ಅಧಿಸೂಚಿತ ದರಕ್ಕೆ ಸಮನಾಗಿರಬೇಕು ಅಥವಾ ಹೆಚ್ಚಾಗಿರಬೇಕು. ಟಿಪ್ಸನ್ನು ಪ್ರತ್ಯೇಕ ಪುಸ್ತಕದಲ್ಲಿ ದಿನವಾರು ಬರೆದಿಟ್ಟರೆ ಎರಡೂ ಬೆರೆಯುವುದಿಲ್ಲ.

ಬಿಲ್ಲಿನಲ್ಲಿನ ಸೇವಾ ಶುಲ್ಕ

ಸೇವಾ ಶುಲ್ಕವು ತೆರಿಗೆಯಲ್ಲ. ಜಿಎಸ್‌ಟಿ ಮಾತ್ರ ಸರ್ಕಾರಕ್ಕೆ ಸಲ್ಲುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 04.07.2022ರ ಮಾರ್ಗಸೂಚಿಯಂತೆ ಹೋಟೆಲ್‌ಗಳು ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ. ದೆಹಲಿ ಉಚ್ಚ ನ್ಯಾಯಾಲಯವು 28.03.2025ರಂದು ಈ ಮಾರ್ಗಸೂಚಿಯನ್ನು ಎತ್ತಿ ಹಿಡಿದಿದೆ. ಆದುದರಿಂದ “ಸೇವಾ ಶುಲ್ಕದಿಂದ ಕೊಡುತ್ತೇವೆ” ಎಂಬ ಭರವಸೆಯ ಮೇಲೆ ಕಡಿಮೆ ವೇತನಕ್ಕೆ ಒಪ್ಪಿಕೊಳ್ಳಬಾರದು. ಒತ್ತಾಯದ ವಸೂಲಿಯ ಬಗ್ಗೆ ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು.

ಅರ್ಜಿ ಸಲ್ಲಿಸುವ ವಿಧಾನ

21.11.2025ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆ, 2019ರ ಅಡಿಯಲ್ಲಿ ಬಾಕಿ ವೇತನದ ಕ್ಲೇಮನ್ನು 3 ವರ್ಷಗಳೊಳಗೆ ಸಲ್ಲಿಸಬಹುದು. ನೌಕರರು ಸ್ವತಃ ಅಥವಾ ತಾವು ಸದಸ್ಯರಾಗಿರುವ ನೋಂದಾಯಿತ ಕಾರ್ಮಿಕ ಸಂಘದ ಮೂಲಕ ಅರ್ಜಿ ಸಲ್ಲಿಸಲು ಅವಕಾಶವಿದೆ. ವೇತನ ಚೀಟಿ, ಬ್ಯಾಂಕ್ ಪಾಸ್‌ಬುಕ್, ಹಾಜರಾತಿ ವಿವರ ಮತ್ತು ಟಿಪ್ಸ್ ಪುಸ್ತಕದ ಪ್ರತಿಯನ್ನು ಲಗತ್ತಿಸುವುದು. ಅರ್ಜಿಯಲ್ಲಿ ಮಾಲೀಕರು ಕೊಟ್ಟ ಮೊತ್ತವನ್ನೂ ಟಿಪ್ಸನ್ನೂ ಬೇರೆ ಬೇರೆಯಾಗಿ ನಮೂದಿಸತಕ್ಕದ್ದು; ಒಟ್ಟುಗೂಡಿಸಿ ಬರೆದಲ್ಲಿ ಬಾಕಿ ಮೊತ್ತವು ಕಾಣದೆ ಹೋಗುತ್ತದೆ. ಚಾಲ್ತಿಯಲ್ಲಿರುವ ದರಗಳನ್ನು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ತಿಳಿದುಕೊಳ್ಳಬಹುದು.