ಏರಿಳಿತಕ್ಕೂ ಏರಿಳಿತ ಉಂಟು

1987ರ ಅಕ್ಟೋಬರ್ 19, ಸೋಮವಾರ. ಅಮೆರಿಕದ ಡೌ ಜೋನ್ಸ್ ಸೂಚ್ಯಂಕ ಆ ಒಂದೇ ದಿನ ಶೇ 22.6ರಷ್ಟು ಕುಸಿಯಿತು. ಷೇರುಪೇಟೆಯ ಏರಿಳಿತ, ಅಂದರೆ ವೊಲಟಿಲಿಟಿ, ವರ್ಷಕ್ಕೆ ಶೇ 20 ಎಂದಿಟ್ಟುಕೊಳ್ಳಿ. ಅದನ್ನು ವಹಿವಾಟಿನ 252 ದಿನಗಳ ವರ್ಗಮೂಲದಿಂದ ಭಾಗಿಸಿದರೆ ಒಂದು ದಿನದ ಅಳತೆ ಸುಮಾರು ಶೇ 1.26 ಆಗುತ್ತದೆ. ಆ ಸೋಮವಾರದ ಕುಸಿತ ಇದರ 18 ಪಟ್ಟು. ಗಂಟೆಯಾಕಾರದ ನಾರ್ಮಲ್ ವಿತರಣೆಯನ್ನೇ ನಂಬಿ ಕೂತರೆ, ವಿಶ್ವದ ವಯಸ್ಸಿನಷ್ಟು ಕಾಲ ಕಾದರೂ ಇಂಥ ದಿನ ಬರಬಾರದು.

ಬಂದದ್ದನ್ನು ಕಂಡ ಮೇಲೆ ಪೇಟೆ ಅದನ್ನು ಮರೆಯಲಿಲ್ಲ. ಅದರ ಗುರುತು ಇವತ್ತಿಗೂ ಆಪ್ಷನ್‌ಗಳ ಬೆಲೆಯಲ್ಲಿದೆ.

ಆಪ್ಷನ್ ಎಂದರೆ ನಿಗದಿಯಾದ ದಿನ ನಿಗದಿಯಾದ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು. ಕೊಳ್ಳುವ ಹಕ್ಕು ಕಾಲ್, ಮಾರುವ ಹಕ್ಕು ಪುಟ್. ಆ ನಿಗದಿತ ಬೆಲೆಗೆ ಸ್ಟ್ರೈಕ್ ಎನ್ನುತ್ತಾರೆ, ಹಕ್ಕಿಗಾಗಿ ತೆರುವ ಹಣಕ್ಕೆ ಪ್ರೀಮಿಯಂ. ಈ ಪ್ರೀಮಿಯಂ ಎಷ್ಟಿರಬೇಕು ಎಂಬುದಕ್ಕೆ 1973ರಲ್ಲಿ ಫಿಶರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ಒಂದು ಸೂತ್ರ ಕೊಟ್ಟರು. ಅದಕ್ಕೆ ಬೇಕಾದದ್ದು ಷೇರಿನ ಇಂದಿನ ಬೆಲೆ, ಸ್ಟ್ರೈಕ್, ಉಳಿದಿರುವ ಅವಧಿ, ಬಡ್ಡಿದರ ಮತ್ತು ವೊಲಟಿಲಿಟಿ. ಮೊದಲ ನಾಲ್ಕು ಎಲ್ಲರ ಕಣ್ಣಿಗೂ ಕಾಣುತ್ತವೆ. ಐದನೆಯದು ಕಾಣುವುದಿಲ್ಲ. ಅದು ಅವಧಿಯುದ್ದಕ್ಕೂ ಬದಲಾಗದ ಒಂದೇ ಸಂಖ್ಯೆ ಎಂದು ಸೂತ್ರ ಊಹಿಸಿಕೊಳ್ಳುತ್ತದೆ.

ಕಾಣದ ಈ ಸಂಖ್ಯೆಯನ್ನು ಹಿಡಿಯಲು ವ್ಯಾಪಾರಿಗಳು ಸೂತ್ರವನ್ನು ತಿರುಗಿಸಿ ಓದುತ್ತಾರೆ. ಪೇಟೆಯಲ್ಲಿ ನಡೆದ ಪ್ರೀಮಿಯಂ ಹಾಕಿ, ಅದು ಹೊಂದಬೇಕಾದರೆ ವೊಲಟಿಲಿಟಿ ಎಷ್ಟಿರಬೇಕು ಎಂದು ಕೇಳುತ್ತಾರೆ. ಉತ್ತರವಾಗಿ ಬರುವುದೇ ಇಂಪ್ಲೈಡ್ ವೊಲಟಿಲಿಟಿ, ಪೇಟೆಯ ಬಾಯಲ್ಲಿ ಐವಿ. ಸೂತ್ರ ನಿಜವಾಗಿದ್ದರೆ ಒಂದೇ ಷೇರಿನ, ಒಂದೇ ದಿನ ಮುಗಿಯುವ ಎಲ್ಲ ಸ್ಟ್ರೈಕ್‌ಗಳಿಗೂ ಒಂದೇ ಐವಿ ಸಿಗಬೇಕು. ನಕ್ಷೆ ಬರೆದರೆ ಅಡ್ಡಗೆರೆ. ಸಿಗುವುದು ಬಾಗಿದ ಗೆರೆ. ವಿದೇಶಿ ವಿನಿಮಯದ ಆಪ್ಷನ್‌ಗಳಲ್ಲಿ ಸಾಮಾನ್ಯವಾಗಿ ಎರಡು ತುದಿಯೂ ಮೇಲೆದ್ದು ನಗುವ ತುಟಿಯಂತೆ ಕಾಣುವುದರಿಂದ ಅದಕ್ಕೆ ಸ್ಮೈಲ್ ಎಂಬ ಹೆಸರು. ಎಸ್ ಆ್ಯಂಡ್ ಪಿ 500, ನಿಫ್ಟಿಯಂಥ ಸೂಚ್ಯಂಕಗಳಲ್ಲಿ ಎಡಗಡೆ, ಅಂದರೆ ಕೆಳಗಿನ ಸ್ಟ್ರೈಕ್‌ಗಳ ಕಡೆ, ಗೆರೆ ಹೆಚ್ಚು ಎತ್ತರಕ್ಕೆ ಏರಿರುತ್ತದೆ. ಕುಸಿತದಿಂದ ಕಾಯುವ ಪುಟ್‌ಗಳು ಸೂತ್ರ ಹೇಳಿದ್ದಕ್ಕಿಂತ ದುಬಾರಿ ಎಂದು ಇದರ ಅರ್ಥ. ಅಮೆರಿಕದ ಸೂಚ್ಯಂಕ ಆಪ್ಷನ್‌ಗಳಲ್ಲಿ ಈ ಓರೆ ಎದ್ದು ಕಾಣತೊಡಗಿದ್ದು 1987ರ ಆ ಕುಸಿತದ ನಂತರ.

ಒಂದೇ ಷೇರಿಗೆ ಸ್ಟ್ರೈಕ್‌ಗೊಂದು ವೊಲಟಿಲಿಟಿ ಇರಲು ಸಾಧ್ಯವಿಲ್ಲ. ಷೇರಿಗೆ ತನ್ನ ಮೇಲೆ ಯಾರು ಯಾವ ಸ್ಟ್ರೈಕ್ ಕೊಂಡಿದ್ದಾರೆಂದು ಗೊತ್ತಿರುವುದಿಲ್ಲವಲ್ಲ. ಹಾಗಾದರೆ ತಪ್ಪಿರುವುದು ಏರಿಳಿತ ಸ್ಥಿರ ಎಂಬ ಊಹೆಯಲ್ಲಿ. ಆ ಊಹೆಯನ್ನು ಸ್ವಲ್ಪವೇ ಸಡಿಲಿಸಿ ನೋಡೋಣ.

ಷೇರಿನ ಬೆಲೆ 100 ರೂಪಾಯಿ, ಅವಧಿ ಒಂದು ವರ್ಷ, ಲೆಕ್ಕ ಸರಳವಾಗಲೆಂದು ಬಡ್ಡಿ ಸೊನ್ನೆ. ಮುಂದಿನ ವರ್ಷ ಶಾಂತವಾಗಿರಬಹುದು, ಆಗ ವೊಲಟಿಲಿಟಿ ಶೇ 10. ಇಲ್ಲವೇ ಗದ್ದಲದ್ದಾಗಿರಬಹುದು, ಆಗ ಶೇ 30. ಎರಡಕ್ಕೂ ಸಮ ಸಾಧ್ಯತೆ. ಸರಾಸರಿ ಶೇ 20. ಈಗ 100ರ ಸ್ಟ್ರೈಕ್‌ನ ಕಾಲ್ ತೆಗೆದುಕೊಳ್ಳಿ. ಶಾಂತ ವರ್ಷದಲ್ಲಿ ಅದರ ಬೆಲೆ 3.99 ರೂಪಾಯಿ, ಗದ್ದಲದ ವರ್ಷದಲ್ಲಿ 11.92. ಸರಾಸರಿ 7.96. ಸ್ಥಿರವಾದ ಶೇ 20 ಹಾಕಿದರೆ ಬರುವುದು 7.97. ಹೆಚ್ಚುಕಡಿಮೆ ಒಂದೇ.

ಈಗ ದೂರ ಹೋಗೋಣ, 140ರ ಸ್ಟ್ರೈಕ್‌ಗೆ. ಶಾಂತ ವರ್ಷದಲ್ಲಿ ಬೆಲೆ ಅಷ್ಟು ಮೇಲಕ್ಕೆ ಹೋಗುವುದೇ ಇಲ್ಲವೆನ್ನಬಹುದು. ಕಾಲ್‌ನ ಬೆಲೆ ಒಂದು ಪೈಸೆಯೂ ಇಲ್ಲ. ಗದ್ದಲದ ವರ್ಷದಲ್ಲಿ ಅದು 2.32 ರೂಪಾಯಿ. ಸರಾಸರಿ 1.16. ಆದರೆ ಸ್ಥಿರ ಶೇ 20ರ ಸೂತ್ರ ಕೊಡುವುದು 0.45 ಮಾತ್ರ. 1.16 ಬರಬೇಕಾದರೆ ಸೂತ್ರಕ್ಕೆ ಶೇ 24.7ರ ವೊಲಟಿಲಿಟಿ ತಿನ್ನಿಸಬೇಕು. ಕೆಳಗಡೆ ಅದೇ ಅನುಪಾತದ ದೂರದಲ್ಲಿರುವ 71.43ರ ಸ್ಟ್ರೈಕ್‌ಗೂ ಉತ್ತರ ಅದೇ 24.7. ನಡುವೆ 20, ಎರಡು ತುದಿಯಲ್ಲಿ 24.7: ಗೆರೆ ನಗತೊಡಗಿತು.

ಇಲ್ಲಿ ನಡೆದದ್ದೇನೆಂದರೆ, ದೂರದ ಆಪ್ಷನ್ ಬದುಕುವುದು ಗದ್ದಲದ ಕಾಲವನ್ನು ನಂಬಿಕೊಂಡು. ಶಾಂತ ಕಾಲದಲ್ಲಿ ಅದು ಕಳೆದುಕೊಳ್ಳುವುದು ಕೆಲವು ಪೈಸೆ, ಗದ್ದಲದ ಕಾಲದಲ್ಲಿ ಗಳಿಸುವುದು ಅದರ ಹಲವು ಪಟ್ಟು. ಹೀಗಾಗಿ ಸರಾಸರಿ ವೊಲಟಿಲಿಟಿ ಶೇ 20ರಲ್ಲೇ ಉಳಿದರೂ ಅದು ಅತ್ತಿತ್ತ ಆಡಿದಷ್ಟೂ ದೂರದ ಆಪ್ಷನ್‌ಗೆ ಬೆಲೆ ಏರುತ್ತದೆ. ನನ್ನ ಮಟ್ಟಿಗೆ ಸ್ಮೈಲ್‌ನ ಇಡೀ ಗುಟ್ಟು ಈ ಒಂದು ಲೆಕ್ಕದಲ್ಲಿದೆ.

ನಿಜವಾದ ಮಾದರಿಗಳು ವರ್ಷಾರಂಭದಲ್ಲಿ ಒಮ್ಮೆ ನಾಣ್ಯ ಚಿಮ್ಮಿ ಸುಮ್ಮನಾಗುವುದಿಲ್ಲ. ವೊಲಟಿಲಿಟಿಯೂ ಷೇರಿನಂತೆ ಕ್ಷಣಕ್ಷಣಕ್ಕೂ ಯಾದೃಚ್ಛಿಕವಾಗಿ ಅಲೆಯುತ್ತದೆ. ಸ್ಟೊಕಾಸ್ಟಿಕ್ ಎಂಬ ಮಾತಿನ ಅರ್ಥ ಅಷ್ಟೇ. ಇವುಗಳಲ್ಲಿ ಹೆಚ್ಚು ಬಳಕೆಯಾದದ್ದು 1993ರಲ್ಲಿ ಸ್ಟೀವನ್ ಹೆಸ್ಟನ್ ಕೊಟ್ಟ ಮಾದರಿ. ಅದರಲ್ಲಿ ವೊಲಟಿಲಿಟಿಯ ವರ್ಗವಾದ ವೇರಿಯನ್ಸ್‌ಗೆ ಒಂದು ವಾಡಿಕೆಯ ಮಟ್ಟ ಇದೆ. ಅಲ್ಲಿಂದ ದೂರ ಸರಿದಷ್ಟೂ ಹಿಂದಕ್ಕೆಳೆಯುವ ಸೆಳೆತ ಇದೆ, ಅದು ಎಷ್ಟು ಜೋರಾಗಿ ಅಲುಗಾಡುತ್ತದೆ ಎಂಬುದಕ್ಕೆ ಇನ್ನೊಂದು ಅಳತೆ. ಈ ಅಲುಗಾಟ ಹೆಚ್ಚಿದಂತೆ ನಗು ಆಳವಾಗುತ್ತದೆ. ಸೆಳೆತ ಇರುವುದರಿಂದ ದೀರ್ಘಾವಧಿಯಲ್ಲಿ ಗದ್ದಲ ಮತ್ತು ಶಾಂತಿ ಒಂದನ್ನೊಂದು ಸರಿದೂಗಿಸುತ್ತವೆ, ನಗು ಚಪ್ಪಟೆಯಾಗುತ್ತದೆ. ಪೇಟೆಯಲ್ಲೂ ಹೀಗೇ ಕಾಣುತ್ತದೆ.

ಆದರೆ ನಮ್ಮ ಲೆಕ್ಕದ ನಗು ಎರಡೂ ಕಡೆ ಸಮ, ಸೂಚ್ಯಂಕಗಳದ್ದು ಓರೆ. ಓರೆಯನ್ನು ತರುವುದು ಹೆಸ್ಟನ್ ಮಾದರಿಯ ಮತ್ತೊಂದು ಅಂಶ: ಬೆಲೆಗೂ ವೊಲಟಿಲಿಟಿಗೂ ಇರುವ ನಂಟು. ಷೇರುಪೇಟೆ ಬೀಳುವಾಗ ಭಯ ಹೆಚ್ಚಿ ಏರಿಳಿತ ಜೋರಾಗುತ್ತದೆ, ಏರುವಾಗ ಸಾಮಾನ್ಯವಾಗಿ ತಣ್ಣಗಾಗುತ್ತದೆ. ಹೀಗೆ ನಂಟು ಋಣಾತ್ಮಕವಾದರೆ, ಇಳಿಯತೊಡಗಿದ ಬೆಲೆ ತನ್ನ ಇಳಿತದಿಂದಲೇ ದೊಡ್ಡ ಹೆಜ್ಜೆಗಳನ್ನು ಪಡೆಯುತ್ತದೆ ಮತ್ತು ಇನ್ನೂ ಆಳಕ್ಕೆ ಹೋಗಬಲ್ಲದು. ಏರತೊಡಗಿದ ಬೆಲೆಯ ಹೆಜ್ಜೆ ಸಣ್ಣದಾಗಿ ಅದು ತುಂಬಾ ದೂರ ಮುಟ್ಟುವುದಿಲ್ಲ. ಕೆಳಗಿನ ಪುಟ್‌ಗಳು ತುಟ್ಟಿ, ಮೇಲಿನ ಕಾಲ್‌ಗಳು ಅಗ್ಗ. ನಂಟು ಸೊನ್ನೆಯಾದರೆ ನಗು ಸಮವಾಗಿ ಮರಳುತ್ತದೆ. ಒಂದೇ ಸಂಖ್ಯೆ ತಿರುಗಿಸಿ ಓರೆಯನ್ನು ಬೇಕಾದಷ್ಟು ಬಾಗಿಸಬಹುದೆಂಬುದು ಸ್ಥಿರ ವೊಲಟಿಲಿಟಿಯ ಸೂತ್ರಕ್ಕೆ ಎಂದೂ ಆಗದ ಕೆಲಸ.

ಇದಕ್ಕೆ ಬೆಲೆಯೂ ಇದೆ. ಬ್ಲ್ಯಾಕ್–ಶೋಲ್ಸ್ ಲೋಕದಲ್ಲಿ ಆಪ್ಷನ್ ಮಾರಿದವನು ಷೇರನ್ನಷ್ಟೇ ಕೊಂಡು ಮಾರುತ್ತ ತನ್ನ ಅಪಾಯವನ್ನು ತುಂಬಿಕೊಳ್ಳಬಹುದಿತ್ತು. ಈಗ ಅಲೆಯುವ ಸಂಗತಿಗಳು ಎರಡು, ಷೇರು ಒಂದೇ. ಎರಡನೆಯದಕ್ಕೆ ಇನ್ನೊಂದು ಆಪ್ಷನ್ ಕೈಯಲ್ಲಿರಬೇಕು.

ಮಾದರಿ ಎಡವುವ ಜಾಗವೂ ಸ್ಪಷ್ಟ. ಮುಗಿಯಲು ಕೆಲವೇ ದಿನ ಉಳಿದ ಆಪ್ಷನ್‌ಗಳಲ್ಲಿ ಪೇಟೆಯ ಓರೆ ತೀರಾ ಕಡಿದಾಗುತ್ತದೆ. ಹೆಸ್ಟನ್ ಮಾದರಿಯಲ್ಲಿ ವೊಲಟಿಲಿಟಿ ಅಲೆಯಬೇಕಾದರೂ ಸಮಯ ಬೇಕು. ಮೂರು ದಿನದಲ್ಲಿ ಅದು ಎಷ್ಟು ದೂರ ಹೋದೀತು? ಅದರ ಓರೆ ಒಂದು ಮಿತಿಯಲ್ಲಿ ನಿಂತುಬಿಡುತ್ತದೆ. ಬಲವಂತವಾಗಿ ಹೊಂದಿಸಲು ಅಲುಗಾಟದ ಅಳತೆಯನ್ನು ಏರಿಸಿದರೆ, ವೇರಿಯನ್ಸ್ ಮತ್ತೆ ಮತ್ತೆ ಸೊನ್ನೆಯನ್ನು ಮುಟ್ಟತೊಡಗುತ್ತದೆ. ಏನೂ ಅಲುಗದ ಪೇಟೆ ಎಂಬ ಅಸಂಗತ ಚಿತ್ರ ಅದು. ಸೆಳೆತ ಮತ್ತು ವಾಡಿಕೆಯ ಮಟ್ಟಗಳ ಗುಣಲಬ್ಧದ ಎರಡು ಪಟ್ಟು ಅಲುಗಾಟದ ವರ್ಗಕ್ಕಿಂತ ಕಡಿಮೆಯಾಯಿತೆಂದರೆ ಮಾದರಿಯನ್ನು ಹಿಂಡುತ್ತಿದ್ದೇವೆ ಎಂದು ತಿಳಿಯಬಹುದು. ಡೇವಿಡ್ ಬೇಟ್ಸ್ 1996ರಲ್ಲಿ ಇದಕ್ಕೆ ಬೆಲೆಯ ಹಠಾತ್ ಜಿಗಿತಗಳನ್ನು ಸೇರಿಸಿದ್ದು ಬಹುಮಟ್ಟಿಗೆ ಈ ಕೊರತೆ ತುಂಬಲು. ಒಂದೇ ದಿನದಲ್ಲಿ ಶೇ 22.6 ಬಿದ್ದ ಆ ಸೋಮವಾರವನ್ನು, ಏರಿಳಿತ ಮೆಲ್ಲನೆ ಅಲೆಯುತ್ತದೆ ಎಂಬ ಕಥೆಯೊಂದರಿಂದಲೇ ವಿವರಿಸಲು ಆಗುವುದಿಲ್ಲ.