ಅಜ್ಜಿಯ ಹಲ್ಲಿನ ಬೇರು ಹುಳುಕಾದರೆ

ಹಲ್ಲು ಹುಳುಕಾಗುವುದು ಮಿಠಾಯಿ ತಿನ್ನುವ ಮಕ್ಕಳಿಗೆ ಮಾತ್ರ ಎಂಬ ನಂಬಿಕೆ ಇದೆ. ವಯಸ್ಸಾದಂತೆ ಒಸಡು ಕೆಳಗಿಳಿದು ಹಲ್ಲಿನ ಬೇರು ಹೊರಗೆ ಕಾಣತೊಡಗುತ್ತದೆ. ಹಲ್ಲಿನ ಮೇಲ್ಭಾಗಕ್ಕೆ ಎನಾಮೆಲ್ ಎಂಬ ಗಟ್ಟಿ ಕವಚವಿದ್ದರೆ, ಬೇರಿಗೆ ಆ ರಕ್ಷಣೆ ಇಲ್ಲ. ಆದ್ದರಿಂದ ಎನಾಮೆಲನ್ನು ಕರಗಿಸಲಾಗದ ಸೌಮ್ಯ ಆಮ್ಲವೂ ಬೇರನ್ನು ಕರಗಿಸಬಲ್ಲದು.

ಈ ಆಮ್ಲವನ್ನು ತೊಳೆಯುವುದು ಜೊಲ್ಲು. ರಕ್ತದೊತ್ತಡ, ಅಲರ್ಜಿ, ಖಿನ್ನತೆಯ ಹಲವು ಮಾತ್ರೆಗಳು ಜೊಲ್ಲನ್ನು ಕಡಿಮೆ ಮಾಡುತ್ತವೆ. ಹೊಳೆನರಸೀಪುರದ ಕಡೆಯ ಒಂದು ಮನೆಯ ಅಜ್ಜಿಯನ್ನು ಊಹಿಸಿಕೊಳ್ಳಿ. ಬಿ.ಪಿ. ಮಾತ್ರೆಯಿಂದ ಅವರ ಬಾಯಿ ಒಣಗುತ್ತದೆ. ಅದಕ್ಕೆಂದು ದಿನಕ್ಕೆ 6 ಪೆಪ್ಪರ್‌ಮಿಂಟ್ ಚೀಪುತ್ತಾರೆ, 5 ಸಲ ಸಕ್ಕರೆ ಕಾಫಿ ಕುಡಿಯುತ್ತಾರೆ. ಪ್ರತಿ ಸಲ ಸಿಹಿ ತಗುಲಿದಾಗಲೂ ಸುಮಾರು ಅರ್ಧ ಗಂಟೆ ಆಮ್ಲ ಉಳಿಯುತ್ತದೆ. ಅಂದರೆ 11 ಸಲಕ್ಕೆ ಐದೂವರೆ ಗಂಟೆ. ಒಣಬಾಯಲ್ಲಿ ಇನ್ನೂ ಹೆಚ್ಚು. ಬಾಯಾರಿಕೆಗೆ ಹುಡುಕಿಕೊಂಡ ಮದ್ದೇ ಹಲ್ಲಿಗೆ ಶತ್ರುವಾಯಿತು!

ಅವರು ಪೆಪ್ಪರ್‌ಮಿಂಟ್ ಬಿಟ್ಟು ಆಗಾಗ ಗುಟುಕು ನೀರು ಕುಡಿಯಲಿ. ಸಕ್ಕರೆ ಕಾಫಿ ಊಟ ತಿಂಡಿಯ ಜೊತೆಗಷ್ಟೇ ಇರಲಿ. ಮಾತ್ರೆಯನ್ನು ಮಾತ್ರ ತಾವಾಗಿ ನಿಲ್ಲಿಸಬಾರದು. ಬದಲಿ ಇದೆಯೇ ಎಂದು ವೈದ್ಯರನ್ನೇ ಕೇಳಬೇಕು. ಬೂದಿ, ಇದ್ದಿಲಿನಿಂದ ಉಜ್ಜುವುದೂ ಬೇಡ, ಅದು ಮೆತ್ತನೆಯ ಬೇರನ್ನು ಸವೆಸುತ್ತದೆ.

ಸಂಧಿವಾತದ ಕೈಗೆ ತೆಳ್ಳಗಿನ ಬ್ರಷ್ ಹಿಡಿಯುವುದೇ ಕಷ್ಟ. ಸೈಕಲ್ ಹ್ಯಾಂಡಲ್‌ನ ಹೊಸ ರಬ್ಬರ್ ಹಿಡಿಯೊಳಗೆ ಬಟ್ಟೆ ತುರುಕಿ ಬ್ರಷ್ಷಿನ ಹಿಡಿಕೆ ಕೂರಿಸಿದರೆ ಮುಷ್ಟಿಗೆ ಸಿಗುತ್ತದೆ. ಬಟ್ಟೆ ಒದ್ದೆಯಾದರೆ ಬದಲಿಸಬೇಕು. ಬ್ರಷ್ಷಿನ ಎಳೆ ಮೆತ್ತಗಿರಲಿ. ಬಟಾಣಿ ಗಾತ್ರದ ಫ್ಲೋರೈಡ್ ಪೇಸ್ಟ್ ಹಾಕಿ, ಒಸಡು ಮತ್ತು ಹಲ್ಲು ಸೇರುವ ಗೆರೆಯಲ್ಲಿ ನಿಧಾನ ಉಜ್ಜಬೇಕು. ಕೊನೆಗೆ ನೊರೆ ಉಗಿದರೆ ಸಾಕು. ನೀರು ಮುಕ್ಕಳಿಸಿದರೆ ಫ್ಲೋರೈಡ್ ಹೊರಟುಹೋಗುತ್ತದೆ. ರಾತ್ರಿಯ ಉಜ್ಜುವಿಕೆ ತಪ್ಪಬಾರದು, ನಿದ್ದೆಯಲ್ಲಿ ಜೊಲ್ಲು ಅತಿ ಕಡಿಮೆ. ಕೈಯೇ ಆಗದಿದ್ದರೆ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಮೊಮ್ಮಗ ಹಿಂದೆ ನಿಂತು, ಒಂದು ಕೈಯಿಂದ ಗಲ್ಲ ಹಿಡಿದು ಇನ್ನೊಂದರಿಂದ ಉಜ್ಜಬಹುದು.

ವಾರಕ್ಕೊಮ್ಮೆ ಬೆಳಕಿನಲ್ಲಿ ಒಸಡಿನ ಅಂಚು ನೋಡಿ. ಹಳದಿ ಅಥವಾ ಕಂದು ಬಣ್ಣದ, ಮೆತ್ತಗಾದ ಜಾಗ ಹಬ್ಬುತ್ತಿರುವ ಹುಳುಕಿನ ಗುರುತು. ಗಟ್ಟಿಯಾಗಿ, ಕಪ್ಪಾಗಿ ಹೊಳೆಯುತ್ತಿದ್ದರೆ ಅದು ನಿಂತಿರಬಹುದು. ಖಚಿತವಾಗಿ ಹೇಳಬೇಕಾದವರು ದಂತವೈದ್ಯರು. ನೋವು ಬರಲೆಂದು ಕಾಯಬಾರದು, ಬೇರಿನ ಹುಳುಕು ಸದ್ದಿಲ್ಲದೆ ಹಲ್ಲಿನ ಸುತ್ತ ಕೊರೆದು ಕೊನೆಗೆ ಹಲ್ಲನ್ನೇ ಮುರಿಯಬಲ್ಲದು.

ಕೊರೆಯದೆಯೇ ಹುಳುಕು ತಡೆಯಲು ವೈದ್ಯರು ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರಾವಣ ಹಚ್ಚುವುದುಂಟು. ಅದು ಆ ಜಾಗವನ್ನು ಕಪ್ಪಾಗಿಸುತ್ತದೆ, ಬಿದ್ದ ಗುಳಿಯನ್ನು ತುಂಬುವುದಿಲ್ಲ, ಮತ್ತೆ ಮತ್ತೆ ಹಚ್ಚಬೇಕಾಗುತ್ತದೆ. ಅರಕಲಗೂಡು, ಚನ್ನರಾಯಪಟ್ಟಣದವರಿಗೂ ಹಾಸನದ ಶ್ರೀ ಹಾಸನಾಂಬ ದಂತ ಮಹಾವಿದ್ಯಾಲಯ ದೂರವಲ್ಲ. ಹೋಗುವಾಗ ಅಜ್ಜಿಯ ಮಾತ್ರೆಗಳ ಚೀಟಿಯನ್ನು ಜೊತೆಗೊಯ್ಯಿರಿ.